ತಳಿ ಎತ್ತುವ ಹೊತ್ತು

ಇವತ್ತು ನಿಮಗೊಂದು ಕತೆ ಹೇಳುತ್ತೇನೆ. ಅಪ್ಪ ತೀರಿಕೊಂಡು ಆರು ತಿಂಗಳಾದರೂ ಅಳಲಾಗದ ಒಬ್ಬ ಮಗನ ಕತೆ. ಈ ಮಗ ಕಲ್ಪನೆಯವನು. ಅವನಿಗೆ ನಾನು ಹೆಸರಿಟ್ಟಿಲ್ಲ. ಆದರೆ ಅವನ ಸೀಮೆ ನಿಜ, ಅವನು ಮಾಡಿದ ಕ್ರಿಯೆಗಳು ನಿಜ, ಅವನು ಹತ್ತಿದ ಜೇಜುರಿಯ ಗುಡ್ಡವೂ ನಿಜ. ನಡುನಡುವೆ ಕತೆಯನ್ನು ಸ್ವಲ್ಪ ನಿಲ್ಲಿಸುತ್ತೇನೆ. ಅಳು ಅವನಿಗೆ ಯಾಕೆ ಬರಲಿಲ್ಲ, ಬಂದಾಗ ಅಲ್ಲೇ ಯಾಕೆ ಬಂತು ಎಂದು ಕೇಳಿಕೊಳ್ಳೋಣ.

ಮೊದಲು ಊರಿನ ಮಾತು. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಮಂಗಸೂಳಿ ಎಂಬ ಊರಿದೆ. ಅಲ್ಲಿ ಮಲ್ಲಯ್ಯನ ಗುಡಿಯಿದೆ. ಮರಾಠಿ ಮಾತಾಡುವವರು ಅವನನ್ನು ಖಂಡೋಬಾ ಎನ್ನುತ್ತಾರೆ. ನಾವು ಮೈಲಾರಲಿಂಗ ಎನ್ನುತ್ತೇವೆ. ಆ ಸೀಮೆಯ ಎಷ್ಟೋ ಮನೆಗಳಿಗೆ ಅವನೇ ಮನೆದೇವರು. ಗುಡಿ ಹತ್ತಿರದಲ್ಲೇ ಇದ್ದರೂ ವರ್ಷಕ್ಕೊಮ್ಮೆ ಜೇಜುರಿಗೆ ಹೋಗಿಬರುವ ಮನೆಗಳಿವೆ. ಜೇಜುರಿ ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರ, ಪುರಂದರ ತಾಲ್ಲೂಕಿನಲ್ಲಿ. ಮಿರಜದಿಂದ ಪುಣೆಗೆ ಹೋಗುವ ರೈಲುದಾರಿಯಲ್ಲೇ ಅದರ ನಿಲ್ದಾಣ. ನಮ್ಮ ಕತೆಯ ಅಪ್ಪ ಹೀಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದ ಮನುಷ್ಯ. ಕೃಷ್ಣಾ ನದಿಯ ದಂಡೆಯಲ್ಲಿ ನಾಲ್ಕೆಕರೆ ಕಬ್ಬು. ಮಾತು ಕಡಿಮೆ. ಕೂಗು ಮಾತ್ರ ದೊಡ್ಡದು. ಗದ್ದೆಯ ಆ ತುದಿಯಿಂದ ಎತ್ತುಗಳನ್ನು ಕರೆದರೆ ಈ ತುದಿಯ ಮನೆಗೆ ಕೇಳುತ್ತಿತ್ತು.

ಅಪ್ಪ ಸತ್ತದ್ದು ಆಷಾಢದಲ್ಲಿ. ರಾತ್ರಿ ಎದೆ ಹಿಡಿದುಕೊಂಡಿತು. ಮಿರಜದ ಆಸ್ಪತ್ರೆ ತಲುಪುವ ಮೊದಲೇ ಮುಗಿಯಿತು. ಮಗ ಗಾಡಿಯಲ್ಲಿ ಪಕ್ಕದಲ್ಲೇ ಇದ್ದ. ಅವನಿಗೆ ನಲವತ್ತು ದಾಟಿತ್ತು. ಡಾಕ್ಟರು ಕೈ ಬಿಟ್ಟಾಗ ಅವನು ಮೊದಲು ಕೇಳಿದ್ದು, ಹೆಣ ಒಯ್ಯಲು ಗಾಡಿ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು.

ಅಲ್ಲಿಂದ ಕೆಲಸ ಶುರುವಾಯಿತು. ನೆಂಟರಿಗೆ ಫೋನು. ಕಟ್ಟಿಗೆ. ಭಟ್ಟರು. ಬಂದವರಿಗೆ ನೀರು, ನೆರಳು. ಅವ್ವ ಅಂಗಳದಲ್ಲಿ ಕೂತು ಹಾಡಿಕೊಂಡು ಅಳುತ್ತಿದ್ದಳು. ನಮ್ಮ ಉತ್ತರ ಕರ್ನಾಟಕದ ಕೇಳುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸತ್ತವನನ್ನು ನೇರವಾಗಿ ಮಾತಾಡಿಸುತ್ತಾ, ಅವನ ಗುಣ ಎಣಿಸುತ್ತಾ, ಬಿಟ್ಟುಹೋದದ್ದಕ್ಕೆ ಬೈಯುತ್ತಾ, ರಾಗ ಎಳೆದು ಹೆಂಗಸರು ಅಳುತ್ತಾರೆ. ಒಬ್ಬಳು ದಣಿದರೆ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಅಕ್ಕ ಬಂದಳು, ಅವ್ವನ ಕೊರಳಿಗೆ ಬಿದ್ದಳು, ರಾಗ ಇಬ್ಬರದಾಯಿತು. ಮಗ ಮಾತ್ರ ಶಾಮಿಯಾನದವನ ಜೊತೆ ಬಾಡಿಗೆ ಮಾತಾಡುತ್ತಿದ್ದ.

ಚಿತೆಗೆ ಕೊಳ್ಳಿ ಇಟ್ಟಾಗಲೂ ಅವನ ಕಣ್ಣು ಒಣಗಿತ್ತು. ಮೂರನೆಯ ದಿನ ರಕ್ಷಾವಿಸರ್ಜನೆಗೆ ಎಲುಬು ಆರಿಸುವಾಗಲೂ ಒಣಗಿತ್ತು. ಬಂದ ಜನ ನೋಡುತ್ತಿದ್ದರು. ಗಟ್ಟಿ ಹುಡುಗ ಎಂದು ಕೆಲವರು ಅಂದರು. ಒಬ್ಬ ಮುದುಕಿ ಅವನಿಗೆ ಕೇಳುವ ಹಾಗೆಯೇ ಅಂದಳು: “ಹಡೆದಪ್ಪ ಸತ್ತರ ಒಂದ್ ಹನಿ ಕಣ್ಣೀರ ಹಾಕಲಿಲ್ಲ ನೋಡವಾ.”

ಕೇಳುಗರೇ, ಇಲ್ಲಿ ಕತೆ ನಿಲ್ಲಿಸುತ್ತೇನೆ. ಅಪ್ಪ ಸತ್ತ, ಹೆಂಗಸರು ದನಿ ಎತ್ತಿ ಅತ್ತರು, ಮಗ ಕೆಲಸದಲ್ಲಿದ್ದ. ಮುದುಕಿಗೆ ಅದು ಕಲ್ಲೆದೆಯಾಗಿ ಕಂಡಿತು. ಮನಸ್ಸಿನ ವೈದ್ಯರಿಗೆ ಅದು ಹೇಗೆ ಕಾಣುತ್ತದೆ?

ಅಮೆರಿಕದ ಬಾಸ್ಟನ್ ನಗರದಲ್ಲಿ 1942ರ ನವೆಂಬರಿನಲ್ಲಿ ಒಂದು ಮನರಂಜನೆಯ ಕ್ಲಬ್ಬಿಗೆ ಬೆಂಕಿ ಬಿತ್ತು. ಸುಮಾರು 500 ಜನ ಸತ್ತರು. ಎರಿಕ್ ಲಿಂಡಮನ್ ಎಂಬ ಮನೋವೈದ್ಯ ಬದುಕಿ ಉಳಿದವರನ್ನೂ ಸತ್ತವರ ಮನೆಯವರನ್ನೂ ಕಂಡು, ಮಾತಾಡಿಸಿ, 1944ರಲ್ಲಿ ಒಂದು ಲೇಖನ ಬರೆದ. ದುಃಖವನ್ನು ವೈದ್ಯನ ಕಣ್ಣಿನಿಂದ ಹೀಗೆ ಹತ್ತಿರದಿಂದ ನೋಡಿದ ಮೊದಲ ಬರಹಗಳಲ್ಲಿ ಅದೂ ಒಂದು. ಅದರಲ್ಲಿ ತಡವಾಗಿ ಬರುವ ದುಃಖದ ಮಾತೂ ಇದೆ. ಸಾವು ಬಂದ ಹೊತ್ತಿನಲ್ಲಿ ಒಬ್ಬನ ತಲೆಯ ಮೇಲೆ ದೊಡ್ಡ ಕೆಲಸವಿದ್ದರೆ, ಉಳಿದವರ ಧೈರ್ಯ ಕಾಯುವ ಹೊಣೆ ಅವನದಾಗಿದ್ದರೆ, ವಾರಗಟ್ಟಲೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಅವನಲ್ಲಿ ದುಃಖದ ಗುರುತೇ ಕಾಣದಿರಬಹುದು ಎಂದು ಲಿಂಡಮನ್ ಬರೆದ.

ನಮ್ಮ ಮಗನಿಗೆ ಇವೆರಡೂ ಇದ್ದವು. ಕೆಲಸವೂ ಇತ್ತು, ಹೊಣೆಯೂ ಇತ್ತು. ನಮ್ಮ ಕಡೆ ಹಿರಿಮಗನಿಗೆ ಎರಡನ್ನೂ ಒಟ್ಟಿಗೇ ಹೊರಿಸುತ್ತೇವೆ. ಹಳೆಯ ಧರ್ಮಶಾಸ್ತ್ರವೂ ಅದಕ್ಕೆ ಒತ್ತು ಕೊಟ್ಟಿದೆ. ಬಂಧುಗಳು ಸುರಿಸಿದ ಕಣ್ಣೀರನ್ನು ಸತ್ತವನು ಕುಡಿಯಬೇಕಾಗುತ್ತದೆ, ಆದ್ದರಿಂದ ಅಳದೆ ಕ್ರಿಯೆ ಮಾಡಿ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ನಮ್ಮ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ಇದೇ ಸ್ಮೃತಿಗೆ. ಈ ಮಾತು ಓದದವರ ಮನೆಯಲ್ಲೂ ಇದರ ನೆರಳಿದೆ. ಗಂಡಸು ಕ್ರಿಯೆಗೆ ಕೂರುತ್ತಾನೆ. ಹೆಣ್ಣು ಅಳಲು ಕೂರುತ್ತಾಳೆ. ಮಂತ್ರ ಹೇಳುವಾಗ ಗಂಟಲು ಕಟ್ಟಬಾರದು ಎಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಅವನಿಗೆ ಅದು ಗೊತ್ತಿರುತ್ತದೆ.

ಕತೆಗೆ ಮರಳೋಣ. ಹತ್ತನೆಯ ದಿನ. ಕೃಷ್ಣೆಯ ದಂಡೆಯಲ್ಲಿ ಪಿಂಡ ಇಟ್ಟರು. ಎಲ್ಲರೂ ದೂರ ಸರಿದು ನಿಂತರು. ಕಾಗೆ ಬರಬೇಕು, ಪಿಂಡ ಮುಟ್ಟಬೇಕು. ಮರದ ಮೇಲೆ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ. ಅರ್ಧ ಗಂಟೆಯಾಯಿತು. ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆಂದು ನಿಮಗೆ ಗೊತ್ತು. ಸತ್ತವನಿಗೆ ಏನೋ ಆಸೆ ಉಳಿದಿದೆ ಎನ್ನುತ್ತಾರೆ. ಒಬ್ಬೊಬ್ಬರೇ ಮುಂದೆ ಬಂದು ಮಾತು ಕೊಡುತ್ತಾರೆ. ಅಕ್ಕ ಬಂದಳು, ಅವ್ವನನ್ನು ನೋಡಿಕೊಳ್ಳುತ್ತೇವೆ ಎಂದಳು. ಕಾಗೆ ಇಳಿಯಲಿಲ್ಲ. ಮಗ ಬಂದ, ಸೊಸೈಟಿಯ ಸಾಲ ತೀರಿಸುತ್ತೇನೆ ಎಂದ. ಇಳಿಯಲಿಲ್ಲ. ಕೊನೆಗೆ ಕಾಕಾ ಬಂದ. ಅಪ್ಪನ ತಮ್ಮ. ಕೈ ಮುಗಿದು ಅಂದ: “ಅಣ್ಣಾ, ಜೇಜುರಿಗೆ ಹೋಗಿ ತಳಿ ಎತ್ತತೀವಿ. ನಿನ್ನ ಹೆಸರಲೇ ಎತ್ತತೀವಿ. ತಗೋ.”

ಕಾಗೆ ಇಳಿಯಿತು.

ಮಗನಿಗೆ ಆಗ ಬಂದದ್ದು ಸಿಟ್ಟು. ಯಾಕೆಂದರೆ ಆ ಮಾತಿನ ಹಿಂದೆ ಏನಿದೆ ಎಂದು ಅವನಿಗೂ ಕಾಕಾನಿಗೂ ಗೊತ್ತಿತ್ತು. ಎರಡು ವರ್ಷದಿಂದ ಅಪ್ಪ ಜೇಜುರಿಗೆ ಹೋಗಿರಲಿಲ್ಲ. ಮೊಣಕಾಲು ಹಿಡಿದಿತ್ತು. ಆದರೂ ಹೋಗೋಣ ಎಂದಿದ್ದ. ಮಗನೇ ತಡೆದಿದ್ದ. “ಬರೂ ವರ್ಷ ಹೋಗೂಣಂತ, ಈಗ ಕಬ್ಬು ಕಡಿಯಾಕ ಜನ ಬಂದಾರ” ಎಂದಿದ್ದ. ಮರುವರ್ಷವೂ ಹಾಗೇ ಅಂದಿದ್ದ. ಈಗ ಅದನ್ನು ಇಡೀ ಬಳಗದ ಎದುರು, ನದಿಯ ದಂಡೆಯಲ್ಲಿ ಕಾಕಾ ಎತ್ತಿ ಆಡಿದಂತಾಯಿತು. ಮಗ ತಲೆ ತಗ್ಗಿಸಿ ನೀರಿಗಿಳಿದ. ಮುಳುಗಿ ಎದ್ದ. ಆಗಲೂ ಅಳಲಿಲ್ಲ.

ತಡೆದಿಟ್ಟ ಅಳುವಿಗೆ ಸಿಟ್ಟು ಬಹಳ ಸಲ ಬಾಗಿಲ ಕಾವಲುಗಾರ. ಇದನ್ನೂ ಲಿಂಡಮನ್ ಗಮನಿಸಿದ್ದ. ದುಃಖದಲ್ಲಿರುವವರು ನೆಂಟರ ಮೇಲೆ, ಡಾಕ್ಟರ ಮೇಲೆ ಹರಿಹಾಯುವುದು, ಸಾವಿಗೆ ಮುಂಚೆ ತಾವು ಮಾಡದೆ ಬಿಟ್ಟದ್ದನ್ನು ಹುಡುಕಿ ಹುಡುಕಿ ತಮ್ಮನ್ನೇ ದೂರಿಕೊಳ್ಳುವುದು, ಎರಡನ್ನೂ ಅವನು ಬರೆದಿಟ್ಟಿದ್ದಾನೆ. ನಮ್ಮ ಮಗ ಕಾಕಾನ ಜೊತೆ ಮೂರು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಆ ಮೂರು ತಿಂಗಳು ಅವನು ಏನು ಮಾಡಿದ? ಕಾಗದ ಮಾಡಿಸಿದ. ಹಳ್ಳಿಯಲ್ಲಿ ಅಪ್ಪ ಸತ್ತ ಮೇಲೆ ಮಗನ ಪಾಲಿಗೆ ಬರುವ ಅತಿ ದೊಡ್ಡ ಕೆಲಸ ಇದೇ. 21 ದಿನದೊಳಗೆ ಸಾವು ನೋಂದಾಯಿಸಬೇಕು. ಮರಣ ಪತ್ರದ ನಕಲು ಬೇಕು, ಒಂದೆರಡು ಸಾಲದು. ಹೊಲದ ಉತಾರದಲ್ಲಿ ಅಪ್ಪನ ಹೆಸರು ತೆಗೆಸಿ ವಾರಸಾ ಮಾಡಿಸಬೇಕು. ಅದಕ್ಕೆ ವಂಶಾವಳಿ ಬೇಕು, ಅಕ್ಕನ ಸಹಿ ಬೇಕು. ಬ್ಯಾಂಕಿನ ಪಾಸಬುಕ್ಕು, ಸೊಸೈಟಿಯ ಬೆಳೆಸಾಲ, ಸಕ್ಕರೆ ಕಾರ್ಖಾನೆಯ ಶೇರು, ರೇಷನ್ ಕಾರ್ಡು, ಅವ್ವನ ವಿಧವಾ ವೇತನ. ಪ್ರತಿಯೊಂದು ಮೇಜಿನ ಮುಂದೆಯೂ ಅದೇ ಪ್ರಶ್ನೆ: “ಮಯತ ಆದವರ ಹೆಸರು? ಮಯತ ಆದ ತಾರೀಖು?” ಅವನು ಹೇಳುತ್ತಿದ್ದ. ಬರೆಯುತ್ತಿದ್ದ. ಅಪ್ಪನ ಹೆಸರು ಅವನ ಕೈಯಲ್ಲಿ ಒಂದು ಅರ್ಜಿಯ ಖಾಲಿ ಜಾಗ ತುಂಬುವ ಅಕ್ಷರಗಳಾಗಿ ಹೋಯಿತು. ನನಗೆ ಈ ಇಡೀ ಕತೆಯಲ್ಲಿ ತುಂಬ ಸಂಕಟ ಆಗುವುದು ಈ ಜಾಗದಲ್ಲೇ. ಚಿತೆಯ ಮುಂದೆ ಆಗುವುದಕ್ಕಿಂತ ಹೆಚ್ಚು. ಒಬ್ಬ ಮನುಷ್ಯನನ್ನು ಎಲ್ಲ ಪುಸ್ತಕಗಳಿಂದ ಒಂದೊಂದಾಗಿ ತೆಗೆಸುವ ಕೆಲಸವನ್ನು ಅವನ ಮಗನ ಕೈಯಲ್ಲೇ ಮಾಡಿಸುತ್ತೇವೆ. ಆ ಮಗ ಯಾವ ಮೇಜಿನ ಮುಂದೆ ಅಳಬೇಕು?

ದೀಪಾವಳಿ ಬಂತು. ಸಾವಿನ ಮನೆ, ಹಬ್ಬ ಇಲ್ಲ. ಅಷ್ಟು ಹೊತ್ತಿಗೆ ಕಾಗದ ಮುಗಿದಿತ್ತು. ಮಗನ ಕೈಗೆ ಬಿಡುವಾಯಿತು. ಹೆಂಡತಿ ಒಂದು ವಿಷಯ ಗಮನಿಸಿದಳು. ಅವನು ರಾತ್ರಿ ಮೂರು ಗಂಟೆಗೆ ಎದ್ದು ಕೂರುತ್ತಿದ್ದ. ಅಪ್ಪ ನೀರು ಹಾಯಿಸಲು ಏಳುತ್ತಿದ್ದ ಹೊತ್ತು ಅದು. ಊಟದಲ್ಲಿ ತುತ್ತು ಗಂಟಲಲ್ಲಿ ನಿಲ್ಲುತ್ತದೆ ಎನ್ನುತ್ತಿದ್ದ. ಊರ ಡಾಕ್ಟರು ಬಾಯಿ ತೆರೆಸಿ ನೋಡಿದರು. ಗಂಟಲಲ್ಲಿ ಏನೂ ಇಲ್ಲ ಎಂದರು.

ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುವುದಕ್ಕೆ ದೇಹದಲ್ಲಿ ಒಂದು ಕಾರಣವಿದೆ. ದುಃಖ ಉಕ್ಕಿದಾಗ ದೇಹ ಹೆಚ್ಚು ಗಾಳಿ ಬೇಡುತ್ತದೆ. ಅದಕ್ಕಾಗಿ ಉಸಿರ ದಾರಿಯ ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ. ನಾವು ಅಳು ನುಂಗುತ್ತೇವೆ. ನುಂಗಬೇಕಾದರೆ ಅದೇ ಬಾಯಿ ಮುಚ್ಚಬೇಕು. ಒಂದು ಕಡೆ ತೆರೆಯುವ ಒತ್ತಾಯ, ಇನ್ನೊಂದು ಕಡೆ ಮುಚ್ಚುವ ಒತ್ತಾಯ. ಈ ಜಗ್ಗಾಟವೇ ಗಂಟಲ ಗಂಟು. ಅಳು ನುಂಗುವುದು ಎಂದು ನಾವು ಸುಮ್ಮನೆ ಹೇಳುತ್ತಿಲ್ಲ. ದೇಹದಲ್ಲಿ ನಡೆಯುವುದೂ ಅದೇ.

ಇಲ್ಲಿಯವರೆಗಿನದನ್ನು ಕೂಡಿಸಿಕೊಳ್ಳೋಣ. ಮಗನಿಗೆ ಮೊದಲು ಕೆಲಸ ಅಡ್ಡ ಬಂತು. ಆಮೇಲೆ ಸಿಟ್ಟು. ಈಗ ಎರಡೂ ಇಳಿದಿವೆ. ಆದರೂ ಅಳು ಗಂಟಲಲ್ಲಿ ನಿಂತಿದೆ. ಅವ್ವನ ಅಳುವಿಗೆ ರಾಗವಿತ್ತು, ಅಂಗಳವಿತ್ತು, ಜೊತೆಗೆ ದನಿಗೂಡಿಸುವ ಹೆಂಗಸರಿದ್ದರು. ಮಗನಿಗೆ ಇವು ಯಾವುವೂ ಇಲ್ಲ. ಅವನು ದನಿ ಬಿಡಲು ಒಂದು ಜಾಗ ಬೇಕು. ನಾನು ಈ ಭಾಷಣದಲ್ಲಿ ಹೇಳಬೇಕೆಂದಿರುವುದು ಇದೊಂದನ್ನೇ.

ಮಾರ್ಗಶಿರ ಕಳೆಯಿತು. ಜೇಜುರಿಯ ಚಂಪಾಷಷ್ಠಿಯ ಗದ್ದಲ ಮುಗಿದಿತ್ತು. ಒಂದು ಶನಿವಾರ ರಾತ್ರಿ ಕಾಕಾ ಮನೆಗೆ ಬಂದ. ಕಟ್ಟೆಯ ಮೇಲೆ ಕೂತು ಅಂದ: “ಮಾತು ಕೊಟ್ಟೀವಿ. ಸಿಟ್ಟು ನನ್ನ ಮ್ಯಾಲೆ ಇರಲಿ. ದೇವರ ಮ್ಯಾಲೆ ಬ್ಯಾಡ.” ಮಗ ಏನೂ ಅನ್ನಲಿಲ್ಲ. ಚೀಲ ತುಂಬಿಕೊಂಡ. ಕಾಕಾ, ಮಗ, ಅಕ್ಕನ ಗಂಡ, ಮಗನ ಹತ್ತು ವರ್ಷದ ಹುಡುಗ. ನಾಲ್ವರು ಮಿರಜದಲ್ಲಿ ರೈಲು ಹತ್ತಿದರು.

ಜೇಜುರಿಯನ್ನು ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಊರಿನ ಪಕ್ಕದಲ್ಲೇ ಗುಡ್ಡ. ಗುಡ್ಡದ ಮೇಲೆ ಕೋಟೆಯಂಥ ಗೋಡೆ, ಅದರೊಳಗೆ ಗುಡಿ. ಕೆಳಗಿನಿಂದ ಅಗಲವಾದ ಕಲ್ಲಿನ ಮೆಟ್ಟಿಲು, ನೂರಾರು. ದಾರಿಯುದ್ದಕ್ಕೂ ಕಲ್ಲಿನ ದೀಪಮಾಲೆಗಳು ನಿಂತಿವೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿಯನ್ನು ಎತ್ತಿಕೊಂಡು ನಾಲ್ಕು ಮೆಟ್ಟಿಲಾದರೂ ಹತ್ತುವುದು ಇಲ್ಲಿಯ ಪದ್ಧತಿ. ಭಾನುವಾರ ದೇವರ ವಾರ. ಬಂದವರೆಲ್ಲ ಮುಷ್ಟಿ ಮುಷ್ಟಿ ಅರಿಶಿನ ತೂರುತ್ತಾರೆ. ಅದನ್ನು ಭಂಡಾರ ಎನ್ನುತ್ತಾರೆ. ಜೊತೆಗೆ ಒಣಕೊಬ್ಬರಿಯ ಚೂರು. ಮೆಟ್ಟಿಲು, ಗೋಡೆ, ಜನರ ತಲೆ, ನಾಯಿಗಳ ಬೆನ್ನು, ಎಲ್ಲದಕ್ಕೂ ಒಂದೇ ಹಳದಿ. ಬರಿಗಾಲಿಗೆ ಅರಿಶಿನದ ಹಿಟ್ಟು ಮೆತ್ತಗೆ ಹತ್ತುತ್ತದೆ. ಮೂಗಿನಲ್ಲಿ ಅದರದೇ ವಾಸನೆ. ಎಲ್ಲಕ್ಕಿಂತ ಹೆಚ್ಚಾಗಿ, ಕೂಗು. ಮೇಲಿನಿಂದ, ಕೆಳಗಿನಿಂದ, ಯಾರೋ ಒಬ್ಬ ದನಿ ಎತ್ತುತ್ತಾನೆ, ನೂರು ಜನ ಅವನಿಗೆ ಓಗೊಡುತ್ತಾರೆ: “ಯೇಳಕೋಟ ಯೇಳಕೋಟ ಜಯ ಮಲ್ಹಾರ!” ನಮ್ಮ ಹೂವಿನಹಡಗಲಿಯ ಮೈಲಾರದಲ್ಲಿ, ರಾಣೆಬೆನ್ನೂರಿನ ದೇವರಗುಡ್ಡದಲ್ಲಿ “ಏಳು ಕೋಟಿ” ಎಂದು ಗೊರವರ ಜೊತೆ ಕೂಗಿದವರಿಗೆ ಆ ದನಿ ಎದೆಗೆ ಹೇಗೆ ಬಡಿಯುತ್ತದೆಂದು ಗೊತ್ತು.

ಜೇಜುರಿಯಲ್ಲಿ ಅಪ್ಪ ಮಗನ ಇನ್ನೊಂದು ಕತೆಯನ್ನೂ ಜನ ಹೇಳುತ್ತಾರೆ. ಶಹಾಜಿ ಬಹುಕಾಲ ನಮ್ಮ ಬೆಂಗಳೂರಿನ ಕಡೆ ಇದ್ದ. ಮಗ ಶಿವಾಜಿ ತಾಯಿಯ ಜೊತೆ ಪುಣೆಯ ಕಡೆ ಬೆಳೆದ. ವರ್ಷಗಳ ಮೇಲೆ ಇಬ್ಬರೂ ಭೇಟಿಯಾದದ್ದು ಈ ಗುಡ್ಡದ ಮೇಲೆ ಎಂದು ಪರಂಪರೆ. ಅದಾದ ಕೆಲವೇ ಕಾಲಕ್ಕೆ, 1664ರಲ್ಲಿ, ಶಹಾಜಿ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಸತ್ತ. ಅವನ ಸಮಾಧಿ ಇರುವುದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಸುದ್ದಿ ಮುಟ್ಟಿದಾಗ ತಾಯಿ ಜೀಜಾಬಾಯಿ ಸತಿ ಹೋಗಲು ಸಿದ್ಧಳಾದಳು, ಮಗ ತಡೆದ ಎನ್ನುತ್ತಾರೆ. ಅಲ್ಲಿಯೂ ನೋಡಿ, ಮಗನ ಪಾಲಿಗೆ ಮೊದಲು ಬಂದದ್ದು ಒಂದು ಕೆಲಸ.

ನಮ್ಮ ನಾಲ್ವರು ಗುಡಿಯ ಅಂಗಳಕ್ಕೆ ಬಂದರು. ಗುಡಿಯ ಮುಂದೆ ಹಿತ್ತಾಳೆ ಹೊದಿಸಿದ ದೊಡ್ಡ ಆಮೆ ನೆಲಕ್ಕೆ ಅಂಟಿಕೊಂಡಂತೆ ಇದೆ. ಹತ್ತಾರು ಜನ ಸುತ್ತ ಕೂರಬಹುದು, ಅಷ್ಟು ದೊಡ್ಡದು. ತಳಿ ಎತ್ತುವುದು ಅದರ ಮೇಲೆ. ತಳಿ ಎಂದರೆ ತಾಟು. ಅದರಲ್ಲಿ ವೀಳ್ಯದೆಲೆ, ಅಡಿಕೆ, ಕೊಬ್ಬರಿ ಬಟ್ಟಲು, ಭಂಡಾರ, ಒಂದು ರೂಪಾಯಿಯ ನಾಣ್ಯ ಇಡುತ್ತಾರೆ. ಗಂಡಸರು ಒಂದು ಮೊಣಕಾಲು ಊರಿ ತಾಟಿನ ಸುತ್ತ ಕೂರುತ್ತಾರೆ. ಎಲ್ಲರೂ ತಾಟಿಗೆ ಕೈ ಹಚ್ಚುತ್ತಾರೆ. ಒಬ್ಬ ಕೂಗುತ್ತಾನೆ. ಉಳಿದವರು ಓಗೊಟ್ಟು ತಾಟನ್ನು ಮೇಲೆತ್ತುತ್ತಾರೆ. ಹೀಗೆ ಮೂರು ಸಲ. ಆಮೇಲೆ ಒಬ್ಬರ ಹಣೆಗೊಬ್ಬರು ಭಂಡಾರ ಹಚ್ಚಿ, ಕೊಬ್ಬರಿ ಹಂಚಿಕೊಳ್ಳುತ್ತಾರೆ. ಇಷ್ಟೇ. ಆದರೆ ಒಂದು ನಿಯಮವಿದೆ. ಕೂರುವವರ ಲೆಕ್ಕ ಬೆಸವಾಗಿರಬೇಕು. ಐದು, ಏಳು, ಹೀಗೆ.

ಅವರು ನಾಲ್ವರಿದ್ದರು.

ಇಷ್ಟು ವರ್ಷ ಐದು ಮಂದಿಯ ಲೆಕ್ಕ ತಾನಾಗಿ ಕೂಡುತ್ತಿತ್ತು. ಹುಡುಗ ಕೈಗೂಸಾಗಿದ್ದಾಗ ಊರಿನ ಒಬ್ಬ ಹಿರಿಯ ಜೊತೆಗೆ ಬರುತ್ತಿದ್ದ. ಹುಡುಗ ದೊಡ್ಡವನಾದ ಮೇಲೆ ಮನೆಯವರೇ ಐವರು. ಈಗ ಒಂದು ಜಾಗ ಖಾಲಿ. ಕಾಕಾ ಸುತ್ತ ನೋಡಿದ. ಕಂಬಳಿ ಹೊದ್ದ ಒಬ್ಬ ಕುರಿಗಾರ ಹತ್ತಿರದಲ್ಲೇ ನಿಂತಿದ್ದ. ಸೊಲ್ಲಾಪುರದ ಕಡೆಯವನು. ಕಾಕಾ ಕರೆದ. ಅವನು ಏನು ಎತ್ತ ಕೇಳಲಿಲ್ಲ. ಜೇಜುರಿಯಲ್ಲಿ ಯಾರೂ ಕೇಳುವುದಿಲ್ಲ. ಪೇಟ ಸರಿಮಾಡಿಕೊಂಡು ಬಂದು ಮೊಣಕಾಲೂರಿ ಕೂತ. ಅಪ್ಪ ಕೂರುತ್ತಿದ್ದದ್ದು ಗುಡಿಯ ಬಾಗಿಲಿಗೆ ಎದುರಾಗಿ. ಅದು ಅವನಿಗೆ ಹೇಗೆ ಗೊತ್ತಾಗಬೇಕು? ಅವನು ಕೂತದ್ದು ಅಲ್ಲೇ.

ಕೂಗುವವರು ಯಾರು? ಯಾವಾಗಲೂ ಅಪ್ಪ ಕೂಗುತ್ತಿದ್ದ. ಗದ್ದೆಯ ಆ ತುದಿಯಿಂದ ಎತ್ತು ಕರೆಯುವ ದನಿಯಲ್ಲಿ. ಕಾಕಾ ಮಗನ ಕಡೆ ನೋಡಿದ. “ನೀ ಹೇಳಪಾ.”

ಮಗ ಉಸಿರು ಎಳೆದುಕೊಂಡ. ಆರು ತಿಂಗಳಿಂದ ಅವನು ಗಂಟಲು ಬಿಗಿಹಿಡಿದಿದ್ದ. ಬಿಗಿಹಿಡಿದ ಗಂಟಲಿನಿಂದ ಮಾತಾಡಬಹುದು, ಅರ್ಜಿ ಬರೆಸಬಹುದು, ಬಾಡಿಗೆ ಚೌಕಾಶಿ ಮಾಡಬಹುದು. ಕೂಗಲಾಗದು. ಕೂಗಬೇಕಾದರೆ ಗಂಟಲು ಪೂರ್ತಿ ತೆರೆಯಬೇಕು. ಅವನು ತೆರೆದ. “ಸದಾನಂದಾಚಾ” ಎಂದ. ಮುಂದಿನ ಪದ ಬರಲಿಲ್ಲ. ಬಂದದ್ದು ಅಳು.

ಅದು ಹನಿ ಹನಿ ಕಣ್ಣೀರಲ್ಲ. ದನಿ. ಅಂಗಳದಲ್ಲಿ ಅವ್ವನ ದನಿ ಇದ್ದಷ್ಟೇ ದೊಡ್ಡದು. ಹುಡುಗ ಹೆದರಿ ತಾಟಿನಿಂದ ಕೈ ತೆಗೆದ. “ಕೈ ತಗೀಬ್ಯಾಡ” ಎಂದ ಕಾಕಾ. ತಾನೇ ಉಳಿದ ಪದ ಕೂಗಿದ. ಕುರಿಗಾರ ಓಗೊಟ್ಟ. ತಾಟು ಮೇಲೆದ್ದಿತು. ಎರಡನೆಯ ಸಲ, ಮೂರನೆಯ ಸಲ. ಮಗ ಅಳುತ್ತಲೇ ಇದ್ದ, ಕೈ ತಾಟಿನಲ್ಲೇ ಇತ್ತು. ಸುತ್ತ ನೂರಾರು ಜನ. ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಕೂಗುತ್ತಿದ್ದ ಜಾಗದಲ್ಲಿ ಅವನದು ಇನ್ನೊಂದು ಕೂಗು, ಅಷ್ಟೇ. ಮುಖದ ತುಂಬ ಅರಿಶಿನ ಇದ್ದದ್ದರಿಂದ ಕಣ್ಣೀರು ಹರಿದ ಗೆರೆ ಮಾತ್ರ ಕಂಡಿತು. ಕುರಿಗಾರ ಅವನ ಹಣೆಗೆ ಭಂಡಾರ ಹಚ್ಚಿದ, ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡ, ಎದ್ದು ತನ್ನ ಬಳಗದ ಕಡೆ ನಡೆದ.

ಕೇಳುಗರೇ, ಇಲ್ಲಿ ಕೊನೆಯ ಸಲ ಕತೆ ನಿಲ್ಲಿಸುತ್ತೇನೆ. ಮಗ ಅಳಲಾರದವನಾಗಿದ್ದ. ಗಂಡಸರು ಎದೆ ಬಿಚ್ಚಿ ಕೂಗುವುದೇ ಪದ್ಧತಿಯಾಗಿರುವ ಜಾಗಕ್ಕೆ ಬಂದ. ಅಳು ಬಂತು. ಹಾಗಾದರೆ ಅಳದವರಿಗೆಲ್ಲ ಒಳಗೆ ಅಳು ತುಂಬಿದೆಯೇ? ಎಲ್ಲರನ್ನೂ ಅಳಿಸಬೇಕೇ?

ಹಾಗೆಂದು ಬಹುಕಾಲ ನಂಬಿದ್ದರು. ಹೆಲೆನ್ ಡಾಯ್ಚ್ ಎಂಬ ಮನೋವಿಶ್ಲೇಷಕಿ 1937ರಲ್ಲೇ ಬರೆದಿದ್ದಳು, ತೋರಿಸದ ದುಃಖ ಎಂದಾದರೊಂದು ದಿನ ಬೇರೆ ರೂಪದಲ್ಲಿ ಹೊರಬಂದೇ ಬರುತ್ತದೆ ಎಂದು. ಈಚೆಗೆ ಜಾರ್ಜ್ ಬೊನಾನೊ ಎಂಬ ಸಂಶೋಧಕ ಮತ್ತು ಅವನ ಜೊತೆಗಾರರು ಇದನ್ನು ಪರೀಕ್ಷಿಸಿದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ವಯಸ್ಸಾದವರನ್ನು, ಸಾವಿಗೆ ಮುಂಚಿನಿಂದ ಹಿಡಿದು ಸಾವಾಗಿ ಒಂದೂವರೆ ವರ್ಷದವರೆಗೆ ನೋಡಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲಿನಿಂದ ಕೊನೆಯವರೆಗೆ ದೊಡ್ಡ ಕುಸಿತವಿಲ್ಲದೆ ನಡೆದುಕೊಂಡು ಹೋದರು. ಮೊದಲು ಗಟ್ಟಿಯಾಗಿದ್ದು ಆಮೇಲೆ ಕುಸಿದವರು ತೀರ ವಿರಳ. ನಮ್ಮ ಕತೆಯ ಮಗ ಆ ವಿರಳರಲ್ಲಿ ಒಬ್ಬ. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಅಳದಿದ್ದರೆ ಅವರನ್ನು ಕೂರಿಸಿ ಅಳಿಸಲು ಹೋಗಬೇಡಿ. ಕಲ್ಲೆದೆ ಎನ್ನಬೇಡಿ. ಎರಡೂ ತಪ್ಪು.

ನೋಡಬೇಕಾದದ್ದು ಬೇರೆ. ನಿದ್ದೆ ಹೋಗಿದೆಯೇ? ಊಟ ಬಿಟ್ಟಿದ್ದಾರೆಯೇ? ಕುಡಿತ ಹೆಚ್ಚಿದೆಯೇ? ಸತ್ತವರ ಹೆಸರು ಎತ್ತಿದರೆ ಎದ್ದು ಹೋಗುತ್ತಾರೆಯೇ? ತಾವೂ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆಯೇ? ಈ ಕೊನೆಯ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಉಳಿದವು ಆರು ತಿಂಗಳು ಕಳೆದರೂ ಹಾಗೇ ಇದ್ದು, ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ, ವೈದ್ಯರು ಅದನ್ನು ಚಿಕಿತ್ಸೆ ಬೇಕಾದ ದುಃಖವೆಂದು ಪರಿಗಣಿಸುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನು ಮಾಡಬಹುದು. ನಂಬರು 14416. ಮತ್ತೊಮ್ಮೆ ಹೇಳುತ್ತೇನೆ, 14416. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕತೆಯಲ್ಲಿ ಸ್ವಲ್ಪವೇ ಉಳಿದಿದೆ. ಗುಡ್ಡ ಇಳಿದ ಮೇಲೆ ಮಗನಿಗೆ ವಿಪರೀತ ಹಸಿವಾಯಿತು. ಕೆಳಗಿನ ಖಾನಾವಳಿಯಲ್ಲಿ ಮೂರು ಭಾಕರಿ ತಿಂದ. ತುತ್ತು ನಿಲ್ಲಲಿಲ್ಲ. ರೈಲಿನಲ್ಲಿ ಕಾಕಾನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಮಾಡಿದ. ಅಲ್ಲಿಗೆ ಎಲ್ಲ ಸರಿಹೋಯಿತೆಂದಲ್ಲ. ಮರುವಾರ ಕಬ್ಬಿನ ಗಾಡಿಗೆ ಚೀಟಿ ಬರೆಸುವಾಗ ಮತ್ತೆ ಅತ್ತ. ಅದರ ಮರುದಿನವೂ ಅತ್ತ. ತಡವಾಗಿ ಬಂದ ಅಳು ಬೇಗ ಮುಗಿಯುತ್ತದೆ ಎಂಬ ನಿಯಮವೇನೂ ಇಲ್ಲ. ಎರಡು ವರ್ಷ “ಬರೂ ವರ್ಷ” ಎಂದದ್ದು ಅವನನ್ನು ಇನ್ನೂ ಚುಚ್ಚುತ್ತದೆ. ಅದನ್ನು ಯಾವ ಭಂಡಾರವೂ ಅಳಿಸಲಾರದು. ಹಾಗೆ ಅಳಿಸಿತು ಎಂದು ನಾನು ಕತೆ ಕಟ್ಟಲಾರೆ.

ಜೇಜುರಿಯಿಂದ ಮರಳಿದ ರಾತ್ರಿ ಅವ್ವ ಬಾಗಿಲಲ್ಲೇ ಕೂತಿದ್ದಳು. ಪ್ರಸಾದ ಕಣ್ಣಿಗೊತ್ತಿಕೊಂಡು ಕೇಳಿದಳು.

“ತಳಿ ಯಾರು ಕೂಗಿದರೋ?”

“ಕಾಕಾ ಕೂಗಿದ.”

“ನೀ ಕೂಗಲಿಲ್ಲ?”

“ನನಗ ಆಗಲಿಲ್ಲ ಬೇ.”

ಅವ್ವ ಸ್ವಲ್ಪ ಹೊತ್ತು ಅವನ ಮುಖ ನೋಡಿದಳು.

“ನಿಮ್ಮಪ್ಪಗೂ ಆಗಿರಲಿಲ್ಲ. ನಿಮ್ಮ ಮುತ್ಯಾ ಸತ್ತ ವರ್ಷ. ಆವಾಗೂ ನಿಮ್ಮ ಕಾಕಾನ ಕೂಗಿದ್ದ.”

ಮಗನಿಗೆ ಇದು ಗೊತ್ತಿರಲಿಲ್ಲ. ಯಾವ ವರ್ಷ ಎಂದು ಕೇಳಿದ. ನೀ ಇನ್ನೂ ಹುಟ್ಟಿರಲಿಲ್ಲ ಎಂದಳು. ಆಗ ಯಾರು ಯಾರು ಹೋಗಿದ್ದರು ಎಂದು ಕೇಳಿದ. ಅವ್ವ ಒಬ್ಬೊಬ್ಬರ ಹೆಸರು ಹೇಳಿದಳು. ಮುತ್ಯಾ ಸತ್ತಾಗ ಅಪ್ಪ ಸಾಲ ಮಾಡಿ ದಿನ ಮಾಡಿದ್ದು, ಎತ್ತು ಮಾರಿದ್ದು, ಆ ವರ್ಷ ಕಬ್ಬಿಗೆ ದರವಿಲ್ಲದ್ದು, ಎಲ್ಲ ಹೇಳಿದಳು. ಅಪ್ಪ ಸತ್ತ ಮೇಲೆ ತಾಯಿ ಮಗ ಕೂತು ಅಪ್ಪನ ಮಾತಾಡಿದ್ದು ಅದೇ ಮೊದಲು. ಹುಡುಗ ನಡುವೆ ಕೂತು ಕೇಳುತ್ತಿದ್ದ. ಬರುವ ವರ್ಷ ಐದನೆಯವರು ಯಾರು ಎಂದು ಅವನೇ ಕೇಳಿದ. ಅಕ್ಕನ ಹಿರಿಮಗ ಬರುತ್ತಾನೆ, ಅವನ ಪರೀಕ್ಷೆ ಇಲ್ಲದ ಭಾನುವಾರ ನೋಡಿ ಹೋಗೋಣ ಎಂದ ಮಗ. ಕೂಗುವುದು ಯಾರೆಂಬ ಮಾತಿಗೆ ಮಾತ್ರ, ಆ ರಾತ್ರಿ ಅವರು ಬರಲಿಲ್ಲ.